ದಿನಾಂಕ, ಹೆಸರು ಮತ್ತು ಸೋರುವ ಉತ್ತರ

ಯಂತ್ರಕಲಿಕೆಯ ಮಾದರಿಯೊಂದು ಕೂಡಬಲ್ಲ, ಹೋಲಿಸಬಲ್ಲ ಸಂಖ್ಯೆಗಳನ್ನು ಮಾತ್ರ ಬಲ್ಲುದು. ಆದರೆ ಅದಕ್ಕೆ ಉಣಿಸಬೇಕಾದ ಕೋಷ್ಟಕಗಳಲ್ಲಿ ದಿನಾಂಕಗಳೂ ಊರಿನ ಹೆಸರುಗಳೂ ವಾಹನದ ನೋಂದಣಿ ಸಂಖ್ಯೆಗಳೂ ತುಂಬಿರುತ್ತವೆ. ಇಂಥ ಅಂಕಣಗಳಿಂದ ಮಾದರಿಗೆ ಅರ್ಥವಾಗುವ ಸಂಖ್ಯೆಗಳನ್ನು ರೂಪಿಸುವ ಕೆಲಸಕ್ಕೆ ಫೀಚರ್ ಎಂಜಿನಿಯರಿಂಗ್ ಎಂದು ಹೆಸರು, ಹಾಗೆ ರೂಪಿಸಿದ ಒಂದೊಂದು ಅಂಕಣವೂ ಒಂದು ಫೀಚರ್. ಈ ಕೆಲಸದಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಇರುವ ಮಾಹಿತಿಯನ್ನು ಮಾದರಿಗೆ ಕಾಣದಂತೆ ಕೆಡಿಸುವುದು ಒಂದು. ಊಹಿಸಬೇಕಾದ ಉತ್ತರವನ್ನೇ ಅರಿವಿಲ್ಲದೆ ಫೀಚರ್ ಒಳಗೆ ಸೇರಿಸುವುದು ಇನ್ನೊಂದು. ಮೊದಲನೆಯದು ಫಲಿತಾಂಶವನ್ನು ಕಳಪೆಯಾಗಿಸುವುದರಿಂದ ಬೇಗನೆ ಕಣ್ಣಿಗೆ ಬೀಳುತ್ತದೆ. ಎರಡನೆಯದು ಫಲಿತಾಂಶವನ್ನು ಚೆನ್ನಾಗಿ ತೋರಿಸುವುದರಿಂದ, ಮಾದರಿಯನ್ನು ಬಳಕೆಗೆ ತಂದ ಮೇಲಷ್ಟೇ ಬಯಲಾಗುತ್ತದೆ.

ಈ ಎರಡನ್ನೂ ಒಂದೇ ದತ್ತಾಂಶದಲ್ಲಿ ಕಾಣಲು nycflights13 ಎಂಬ ಸಾರ್ವಜನಿಕ ಸಂಗ್ರಹ ಅನುಕೂಲವಾಗಿದೆ. ಅಮೆರಿಕದ ಸಾರಿಗೆ ಅಂಕಿಅಂಶ ಇಲಾಖೆಯ ದಾಖಲೆಗಳಿಂದ ಆಯ್ದ ಈ ಸಂಗ್ರಹದಲ್ಲಿ 2013ರಲ್ಲಿ ನ್ಯೂಯಾರ್ಕ್ ನಗರದ ಮೂರು ವಿಮಾನ ನಿಲ್ದಾಣಗಳಿಂದ ಹೊರಡಬೇಕಾಗಿದ್ದ 3,36,776 ಹಾರಾಟಗಳಿವೆ. ಒಂದೊಂದು ಸಾಲೂ ಒಂದು ಹಾರಾಟ. ಅದರ ದಿನಾಂಕ, ವೇಳಾಪಟ್ಟಿಯ ಸಮಯ, ಸಂಸ್ಥೆ, ತಲುಪುವ ನಿಲ್ದಾಣ, ವಿಮಾನದ ಬಾಲದ ಮೇಲೆ ಬರೆದ ನೋಂದಣಿ ಸಂಖ್ಯೆ ಇವೆಲ್ಲ ಅಂಕಣಗಳು. ಊಹಿಸಬೇಕಾದ ಮೌಲ್ಯ, ಎಂದರೆ ಗುರಿ, ವಿಮಾನ ಎಷ್ಟು ನಿಮಿಷ ತಡವಾಗಿ ತಲುಪೀತು ಎಂಬುದು. ಹಾರಾಟ ರದ್ದಾದದ್ದು ಮುಂತಾದ ಕಾರಣಗಳಿಂದ 9,430 ಸಾಲುಗಳಲ್ಲಿ ಈ ಉತ್ತರವಿಲ್ಲ. ಉಳಿದ 3,27,346 ಸಾಲುಗಳಲ್ಲಿ ಸರಾಸರಿ ವಿಳಂಬ ಸುಮಾರು 6.9 ನಿಮಿಷ.

ಗಡಿಯಾರ ಮತ್ತು ಪಂಚಾಂಗ

ಈ ಕೋಷ್ಟಕದಲ್ಲಿ ಹೊರಡುವ ವೇಳೆಯನ್ನು ಗಂಟೆ ಮತ್ತು ನಿಮಿಷಗಳನ್ನು ಒತ್ತಿನಲ್ಲಿಟ್ಟು ಒಂದೇ ಸಂಖ್ಯೆಯಾಗಿ ಬರೆಯಲಾಗಿದೆ. ಮಧ್ಯಾಹ್ನ 2 ಗಂಟೆ 59 ನಿಮಿಷ ಎಂಬುದು 1459, ಅದರ ಮರುನಿಮಿಷ 1500. ಓದುವವರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಸಂಖ್ಯೆಯ ಏರಿಕೆಗೆ ತಕ್ಕಂತೆ ಉತ್ತರವನ್ನು ಏರಿಸುವ ರೇಖೀಯ ಮಾದರಿಗೆ ಒಂದು ನಿಮಿಷದ ಅಂತರ 41ರ ಜಿಗಿತವಾಗಿ ಕಾಣುತ್ತದೆ. ಗಂಟೆಯನ್ನು 60ರಿಂದ ಗುಣಿಸಿ ನಿಮಿಷವನ್ನು ಕೂಡಿದರೆ ಅವೆರಡೂ 899 ಮತ್ತು 900 ಆಗಿ, ಅಂತರ ಸರಿಹೋಗುತ್ತದೆ. ಹೀಗೆ ಸರಿಪಡಿಸಿದ ವೇಳೆ ಈ ದತ್ತಾಂಶದ ಅತ್ಯಂತ ಉಪಯುಕ್ತ ಫೀಚರ್‌ಗಳಲ್ಲೊಂದು: ಬೆಳಗ್ಗೆ 5ರ ಗಂಟೆಯಲ್ಲಿ ಹೊರಡಬೇಕಾದ ವಿಮಾನಗಳು ಸರಾಸರಿ ಒಂದು ನಿಮಿಷವೂ ತಡವಾಗುವುದಿಲ್ಲ, ಆದರೆ ರಾತ್ರಿ 7ರ ಗಂಟೆಯವು ಸರಾಸರಿ 24 ನಿಮಿಷಕ್ಕೂ ಹೆಚ್ಚು ತಡವಾಗಿ ಹೊರಡುತ್ತವೆ. ಬೆಳಗಿನ ಒಂದು ಹಾರಾಟ ತಡವಾದರೆ ಅದೇ ವಿಮಾನ ಮಾಡಬೇಕಾದ ಮುಂದಿನ ಹಾರಾಟಗಳಿಗೂ ಆ ತಡ ಅಂಟಿಕೊಂಡು, ದಿನ ಕಳೆದಂತೆ ಬೆಳೆಯುವುದು ಇದಕ್ಕೆ ಮುಖ್ಯ ಕಾರಣ.

ನಿಮಿಷಗಳ ಲೆಕ್ಕಕ್ಕೆ ಒಂದು ಮಿತಿಯಿದೆ. ರಾತ್ರಿ 11.45 ಎಂಬುದು 1425, ಅರ್ಧ ಗಂಟೆಯ ನಂತರದ 12.15 ಎಂಬುದು 15. ಪಕ್ಕದಲ್ಲಿರುವ ಎರಡು ಗಳಿಗೆಗಳು ಸಂಖ್ಯೆಯಲ್ಲಿ ದಿನದ ಎರಡು ತುದಿಗಳಿಗೆ ಹೋಗಿಬಿಡುತ್ತವೆ. ದಿನವನ್ನು ಒಂದು ವೃತ್ತವೆಂದು ಭಾವಿಸಿ, ನಿಮಿಷ t ಆಗಿದ್ದರೆ sin(2πt/1440) ಮತ್ತು cos(2πt/1440) ಎಂಬ ಎರಡು ಅಂಕಣಗಳನ್ನು ರಚಿಸಿದರೆ, ಆ ಎರಡು ಗಳಿಗೆಗಳು ಮತ್ತೆ ನೆರೆಹೊರೆಯಾಗುತ್ತವೆ. ವಾರದ ದಿನಕ್ಕೂ ತಿಂಗಳಿಗೂ ಇದೇ ಉಪಾಯವನ್ನು ಅನ್ವಯಿಸಬಹುದು. ಆದರೆ ಈ ಉಪಾಯ ಎಲ್ಲೆಡೆಯೂ ಬೇಕಾಗುವುದಿಲ್ಲ. ನ್ಯೂಯಾರ್ಕ್‌ನ ವೇಳಾಪಟ್ಟಿಯಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5ರ ತನಕ ಹಾರಾಟಗಳು ಇಲ್ಲವೆಂಬಷ್ಟು ಕಡಿಮೆಯಾದ್ದರಿಂದ, ವೃತ್ತದ ಎರಡು ತುದಿಗಳು ಸೇರುವ ಜಾಗದಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಅಲ್ಲದೆ 'ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ' ಎಂಬ ಪ್ರಶ್ನೆಗಳನ್ನು ಒಂದರ ಕೆಳಗೊಂದು ಕೇಳುತ್ತ ಸಾಲುಗಳನ್ನು ಸೀಳುವ ನಿರ್ಣಯವೃಕ್ಷದಂಥ ಮಾದರಿಗೆ ನೇರವಾದ ನಿಮಿಷದ ಅಂಕಣವೇ ಸಾಕು. ವೃತ್ತಾಕಾರದ ಫೀಚರ್ ಫಲ ಕೊಡುವುದು ಮುಖ್ಯವಾಗಿ ರೇಖೀಯ ಮಾದರಿಗಳಲ್ಲಿ ಮತ್ತು ನರಜಾಲಗಳಲ್ಲಿ, ಅದೂ ವಿದ್ಯುತ್ ಬಳಕೆಯಂತೆ ಇರುಳೆಲ್ಲ ಎಡೆಬಿಡದೆ ಹರಿಯುವ ದತ್ತಾಂಶದಲ್ಲಿ.

ದಿನಾಂಕದ ಅಂಕಣದಲ್ಲಿ ಇನ್ನೊಂದು ಅಪಾಯ ಅಡಗಿದೆ. 2013ರ ಮಾರ್ಚ್ 8ರ ಶುಕ್ರವಾರ ಈ ಮೂರು ನಿಲ್ದಾಣಗಳಿಂದ ಹೊರಟ ವಿಮಾನಗಳ ಸರಾಸರಿ ವಿಳಂಬ 83 ನಿಮಿಷ ದಾಟಿತ್ತು. ಆ ವರ್ಷದಲ್ಲಿ ಅಷ್ಟು ಕೆಟ್ಟ ದಿನ ಇನ್ನೊಂದಿರಲಿಲ್ಲ. ವರ್ಷದ ಎಷ್ಟನೆಯ ದಿನ ಎಂಬ ಅಂಕಣವನ್ನು ಮಾದರಿಗೆ ಕೊಟ್ಟರೆ, ನಿರ್ಣಯವೃಕ್ಷವು 66.5ಕ್ಕಿಂತ ಹೆಚ್ಚು ಮತ್ತು 67.5ಕ್ಕಿಂತ ಕಡಿಮೆ ಎಂಬ ಎರಡು ಪ್ರಶ್ನೆಗಳಲ್ಲಿ ಆ ಒಂದು ದಿನವನ್ನು ಬೇರ್ಪಡಿಸಿ, ವರ್ಷದ 67ನೆಯ ದಿನ ವಿಮಾನಗಳು ಬಹಳ ತಡವಾಗುತ್ತವೆ ಎಂಬ ನಿಯಮವನ್ನು ಕಲಿತುಬಿಡುತ್ತದೆ. ಒಂದೇ ವರ್ಷದ ದತ್ತಾಂಶದಲ್ಲಿ ಒಂದೊಂದು ದಿನಾಂಕವೂ ಒಮ್ಮೆ ಮಾತ್ರ ಬರುವುದರಿಂದ, ಅದು ಋತುವಿನ ಗುಣವೋ ಆ ದಿನದ ಹವಾಮಾನದ ಆಕಸ್ಮಿಕವೋ ಎಂದು ತಿಳಿಯಲು ಮಾದರಿಗೆ ದಾರಿಯೇ ಇಲ್ಲ. ಆದ್ದರಿಂದ ದತ್ತಾಂಶದಲ್ಲಿ ಹಲವು ಸಲ ಮರುಕಳಿಸುವ ಅಂಶಗಳನ್ನು ಮಾತ್ರ ದಿನಾಂಕದಿಂದ ತೆಗೆಯುವುದು ಕ್ಷೇಮ. ಗಂಟೆ 365 ಸಲ ಮರಳುತ್ತದೆ, ವಾರದ ದಿನ 52 ಸಲ ಮರಳುತ್ತದೆ. ತಿಂಗಳು ಮಾತ್ರ ಮರಳುವುದೇ ಇಲ್ಲ. ಜನವರಿಯಿಂದ ಸೆಪ್ಟೆಂಬರ್ ತನಕದ ಸಾಲುಗಳಿಂದ ಕಲಿತ ವೃಕ್ಷವು 12ನೆಯ ತಿಂಗಳನ್ನು ಎಂದೂ ಕಂಡಿಲ್ಲವಾದ್ದರಿಂದ, ಡಿಸೆಂಬರನ್ನು ಸೆಪ್ಟೆಂಬರಿನ ಜೊತೆಗೇ ಒಂದು ಕೊಂಬೆಗೆ ಸೇರಿಸಿಬಿಡುತ್ತದೆ.

ಹಬ್ಬದ ಪ್ರಯಾಣದ ನೂಕುನುಗ್ಗಲನ್ನು ಹಿಡಿಯಲು ತಿಂಗಳು ಮತ್ತು ತಾರೀಖು ಸಾಲುವುದಿಲ್ಲ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೆಯ ಗುರುವಾರ ಬರುತ್ತದೆ. 2013ರಲ್ಲಿ ಅದು 28ನೆಯ ತಾರೀಖು. ನಮ್ಮ ದೀಪಾವಳಿ 2013ರಲ್ಲಿ ನವೆಂಬರ್ 3ಕ್ಕೆ ಬಂದರೆ ಮರುವರ್ಷ ಅಕ್ಟೋಬರ್ 23ಕ್ಕೇ ಬಂದಿತು. ಬೆಂಗಳೂರಿನಿಂದ ಊರಿಗೆ ಹೊರಡುವ ಬಸ್ಸುಗಳ ಬೇಡಿಕೆಯನ್ನು ತಾರೀಖಿನಿಂದ ಊಹಿಸುವ ಮಾದರಿ ಇಲ್ಲಿ ಹನ್ನೊಂದು ದಿನ ಹಿಂದುಳಿಯುತ್ತದೆ. ಹಬ್ಬಕ್ಕೆ ಇನ್ನೆಷ್ಟು ದಿನ, ಹಬ್ಬ ಕಳೆದು ಎಷ್ಟು ದಿನ ಎಂಬ ಅಂತರದ ಅಂಕಣಗಳೇ ಇದಕ್ಕೆ ಸರಿಯಾದ ಪರಿಹಾರ. ಪಂಚಾಂಗ ಮೊದಲೇ ತಿಳಿದಿರುವುದರಿಂದ ಇವನ್ನು ಊಹೆಯ ಗಳಿಗೆಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಲೆಕ್ಕಹಾಕಬಹುದು.

ನಾಲ್ಕು ಸಾವಿರ ಹೆಸರುಗಳು

ಸಂಸ್ಥೆ, ನಿಲ್ದಾಣ, ನೋಂದಣಿ ಸಂಖ್ಯೆಗಳಂತೆ ಹೆಸರುಗಳಷ್ಟೇ ಇರುವ ಅಂಕಣವನ್ನು ವರ್ಗೀಯ ಅಂಕಣವೆಂದೂ, ಅದರಲ್ಲಿನ ಒಂದೊಂದು ಹೆಸರನ್ನು ವರ್ಗವೆಂದೂ ಕರೆಯುತ್ತಾರೆ. ಈ ಸಂಗ್ರಹದಲ್ಲಿ ಸಂಸ್ಥೆಗಳು 16, ತಲುಪುವ ನಿಲ್ದಾಣಗಳು 105, ವಿಮಾನಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಹದಿನಾರು ಸಂಸ್ಥೆಗಳಿಗೆ ಒಂದೊಂದು ಅಂಕಣ ಮಾಡಿ, ಆ ಸಂಸ್ಥೆಯ ಸಾಲಿನಲ್ಲಿ 1, ಉಳಿದೆಡೆ 0 ಬರೆಯುವ ಒನ್-ಹಾಟ್ ವಿಧಾನ ಸರಳವೂ ನಿರಪಾಯವೂ ಆಗಿದೆ. ವಿಮಾನಗಳಿಗೂ ಇದನ್ನೇ ಮಾಡಹೊರಟರೆ ನಾಲ್ಕು ಸಾವಿರ ಅಂಕಣಗಳು ಹುಟ್ಟಿ, ಬಹುಪಾಲು ಸೊನ್ನೆಗಳೇ ತುಂಬಿ, ಒಂದೊಂದು ಅಂಕಣಕ್ಕೂ ಕಲಿಯಲು ಸಾಕಷ್ಟು ಸಾಲುಗಳೇ ಉಳಿಯುವುದಿಲ್ಲ. ಹೆಸರುಗಳಿಗೆ ಅಕಾರಾದಿಯಾಗಿ 1, 2, 3 ಎಂದು ಅಂಕೆ ಕೊಟ್ಟರೆ ಅಂಕಣ ಒಂದೇ ಆಗುತ್ತದೆ, ಆದರೆ 2000ನೆಯ ವಿಮಾನ 1000ನೆಯದರ ಎರಡರಷ್ಟು ಎಂಬ ಅರ್ಥವಿಲ್ಲದ ಸಂಬಂಧವೂ ಅದರ ಜೊತೆಗೇ ಒಳಬರುತ್ತದೆ.

ಹೆಸರಿನ ಹಿಂದಿರುವ ಗುಣಗಳನ್ನು ತರುವುದು ಇವೆಲ್ಲಕ್ಕಿಂತ ಮೊದಲು ಯೋಚಿಸಬೇಕಾದ ದಾರಿ. ಇದೇ ಸಂಗ್ರಹದ ಇನ್ನೊಂದು ಕೋಷ್ಟಕದಲ್ಲಿ 3,322 ವಿಮಾನಗಳ ತಯಾರಿಕೆಯ ವರ್ಷ, ಎಂಜಿನ್‌ಗಳ ಸಂಖ್ಯೆ, ಆಸನಗಳ ಸಂಖ್ಯೆ ಮುಂತಾದ ವಿವರಗಳಿವೆ. ಅವನ್ನು ಜೋಡಿಸಿದರೆ ಹೆಸರು ಹೋಗಿ ಗುಣಗಳು ಉಳಿಯುತ್ತವೆ. ಹಿಂದೆ ಎಂದೂ ಕಾಣದ ಹೊಸ ವಿಮಾನ ಬಂದರೂ ಮಾದರಿ ಕಂಗೆಡುವುದಿಲ್ಲ. ಇಷ್ಟಾದ ಮೇಲೂ ವಿಮಾನವಿಮಾನಕ್ಕೂ ಇರುವ ವ್ಯತ್ಯಾಸದಲ್ಲಿ ಏನೋ ಉಳಿದಿದೆ ಎನಿಸಿದಾಗ ಟಾರ್ಗೆಟ್ ಎನ್‌ಕೋಡಿಂಗ್ ಎಂಬ ವಿಧಾನಕ್ಕೆ ಕೈಹಾಕುವುದು ವಾಡಿಕೆ. ಒಂದೊಂದು ವರ್ಗದ ಹೆಸರಿನ ಜಾಗದಲ್ಲಿ ಆ ವರ್ಗದ ಸಾಲುಗಳ ಗುರಿಯ ಸರಾಸರಿಯನ್ನು ಇಡುವುದೇ ಈ ವಿಧಾನ. ಹಲವು ವರ್ಗಗಳಿರುವ ಅಂಕಣಗಳಿಗಾಗಿ ಇದನ್ನು ಕ್ರಮಬದ್ಧವಾಗಿ ವಿವರಿಸಿದ ಪ್ರಬಂಧವನ್ನು ಡ್ಯಾನಿಯೆಲೆ ಮಿಚ್ಚಿ-ಬರೇಕಾ 2001ರಲ್ಲಿ ಪ್ರಕಟಿಸಿದರು. ನಾಲ್ಕು ಸಾವಿರ ಹೆಸರುಗಳು ಒಂದೇ ಅಂಕಣವಾಗುತ್ತವೆ, ಆ ಅಂಕಣದ ಸಂಖ್ಯೆಗಳಿಗೆ ಗುರಿಯೊಡನೆ ನೇರ ಸಂಬಂಧವಿರುತ್ತದೆ. ವಿಧಾನದ ಆಕರ್ಷಣೆಯೂ ಅಪಾಯವೂ ಈ ಸಂಬಂಧದಲ್ಲೇ ಇವೆ.

ಒಮ್ಮೆ ಮಾತ್ರ ಹಾರಿದ ವಿಮಾನ

N844MH ಎಂಬ ನೋಂದಣಿಯ ವಿಮಾನ ಈ ಸಂಗ್ರಹದಲ್ಲಿ ಒಂದೇ ಒಂದು ಸಲ ಕಾಣಿಸಿಕೊಂಡು, 320 ನಿಮಿಷ ತಡವಾಗಿ ತಲುಪಿದೆ. ಸರಾಸರಿಯ ಪ್ರಕಾರ ವಿಮಾನಗಳನ್ನು ಜೋಡಿಸಿದರೆ ಇದೇ ಎಲ್ಲಕ್ಕಿಂತ ಕೆಟ್ಟದ್ದು. ಟಾರ್ಗೆಟ್ ಎನ್‌ಕೋಡಿಂಗ್ ಮಾಡಿದಾಗ ಈ ಸಾಲಿನ ಫೀಚರ್ 320, ಊಹಿಸಬೇಕಾದ ಉತ್ತರವೂ 320. ಮಾದರಿ ಇಲ್ಲಿ ವಿಮಾನದ ಬಗ್ಗೆ ಏನನ್ನೂ ಕಲಿಯುತ್ತಿಲ್ಲ. ಪಕ್ಕದ ಅಂಕಣದಲ್ಲಿ ಬರೆದಿಟ್ಟ ಉತ್ತರವನ್ನು ನಕಲು ಮಾಡುತ್ತಿದೆ. ಊಹೆಯ ಗಳಿಗೆಯಲ್ಲಿ ಸಿಗಲಾರದ ಮಾಹಿತಿ ಹೀಗೆ ಫೀಚರ್ ಒಳಗೆ ನುಸುಳುವುದನ್ನು ಸೋರಿಕೆ ಎನ್ನುತ್ತಾರೆ.

ಸೋರಿಕೆಯ ಗಾತ್ರವನ್ನು ಮೊದಲೇ ಅಂದಾಜು ಮಾಡಲು ಒಂದು ಸರಳ ಲೆಕ್ಕವಿದೆ. ವರ್ಗಗಳಿಗೂ ಗುರಿಗೂ ಯಾವ ಸಂಬಂಧವೂ ಇಲ್ಲದಿದ್ದರೂ, ಟಾರ್ಗೆಟ್ ಎನ್‌ಕೋಡಿಂಗ್ ಮಾಡಿದ ಅಂಕಣವು ತರಬೇತಿಯ ಸಾಲುಗಳಲ್ಲಿ ಗುರಿಯ ಏರಿಳಿತದ ಒಂದು ಪಾಲನ್ನು ವಿವರಿಸಿದಂತೆ ತೋರುತ್ತದೆ, ಮತ್ತು ಆ ಪಾಲು ಸರಿಸುಮಾರು ವರ್ಗಗಳ ಸಂಖ್ಯೆಯನ್ನು ಸಾಲುಗಳ ಸಂಖ್ಯೆಯಿಂದ ಭಾಗಿಸಿದಷ್ಟು ಇರುತ್ತದೆ. ನಾಲ್ಕು ಸಾವಿರ ವಿಮಾನಗಳಿಗೆ 3,27,346 ಸಾಲುಗಳಿರುವಾಗ ಇದು ಶೇಕಡ 1.2; ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ ವಿಮಾನ ಮತ್ತು ತಿಂಗಳನ್ನು ಜೋಡಿಸಿ ಹೊಸ ವರ್ಗವೊಂದನ್ನು ಮಾಡಿದರೆ, ಎಲ್ಲ ಜೋಡಿಗಳೂ ಇದ್ದ ಪಕ್ಷದಲ್ಲಿ ವರ್ಗಗಳು 48 ಸಾವಿರವಾಗಿ, ಬರಿಯ ಆಕಸ್ಮಿಕದಿಂದಲೇ ಸುಮಾರು ಶೇಕಡ 15ರಷ್ಟು ವಿವರಿಸಿದ ಭ್ರಮೆ ಹುಟ್ಟುತ್ತದೆ. ಒಮ್ಮೆ ಮಾತ್ರ ಬರುವ ವರ್ಗಗಳಷ್ಟನ್ನೇ ನೋಡಿದರೆ ಆ ಪಾಲು ನೂರಕ್ಕೆ ನೂರು.

ಕಡಿಮೆ ಸಾಲುಗಳಿರುವ ವರ್ಗದ ಸರಾಸರಿಯನ್ನು ನಂಬದೆ, ಒಟ್ಟು ಸರಾಸರಿಯ ಕಡೆಗೆ ಎಳೆಯುವುದು ಸಾಮಾನ್ಯವಾಗಿ ಸೂಚಿಸುವ ಮೊದಲ ಪರಿಹಾರ. ವರ್ಗದಲ್ಲಿ n ಸಾಲುಗಳಿದ್ದು ಅವುಗಳ ಮೊತ್ತ S ಆಗಿದ್ದರೆ, ಒಟ್ಟು ಸರಾಸರಿ p ಎಂಬುದಕ್ಕೆ m ಸಾಲುಗಳಷ್ಟು ತೂಕ ಕೊಟ್ಟು (S + m·p) / (n + m) ಎಂದು ಲೆಕ್ಕಹಾಕುತ್ತಾರೆ. m ಎಂಬುದು 20 ಆದಾಗ N844MHಗೆ (320 + 138) / 21, ಎಂದರೆ 21.8 ಸಿಗುತ್ತದೆ. ಐನೂರು ಹಾರಾಟಗಳಿರುವ ವಿಮಾನಕ್ಕೆ ಅದರದ್ದೇ ಸರಾಸರಿಗೆ ಶೇಕಡ 96ರಷ್ಟು ತೂಕ ಉಳಿಯುತ್ತದೆ. ಅಪರೂಪದ ವರ್ಗಗಳ ಅತಿರೇಕ ಇದರಿಂದ ತಗ್ಗುವುದು ನಿಜ, ಹೊಸ ಸಾಲುಗಳ ಮೇಲಿನ ಊಹೆಯೂ ಸುಧಾರಿಸುತ್ತದೆ. ಆದರೆ ಸೋರಿಕೆ ಇದರಿಂದ ನಿಲ್ಲುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಒಮ್ಮೆ ಮಾತ್ರ ಹಾರಿದ ವಿಮಾನಗಳೆಲ್ಲದರ ಫೀಚರ್ ಉತ್ತರಕ್ಕೆ 138 ಕೂಡಿ 21ರಿಂದ ಭಾಗಿಸಿದ ಸಂಖ್ಯೆಯೇ ಆಗಿರುವುದರಿಂದ, ಫೀಚರ್‌ನ ಏರಿಕೆಯ ಕ್ರಮವೂ ಉತ್ತರದ ಏರಿಕೆಯ ಕ್ರಮವೂ ಒಂದೇ. ನಿರ್ಣಯವೃಕ್ಷಕ್ಕೆ ಬೇಕಾದದ್ದು ಆ ಕ್ರಮವೇ. ವಿಮಾನ ಎಷ್ಟು ಸಲ ಹಾರಿದೆ ಎಂಬ ಇನ್ನೊಂದು ಅಂಕಣವನ್ನೂ ಕೊಟ್ಟಿದ್ದರೆ, ವೃಕ್ಷವು ಮೊದಲು ಒಮ್ಮೆ ಹಾರಿದವುಗಳನ್ನು ಬೇರ್ಪಡಿಸಿಕೊಂಡು, ಆಮೇಲೆ ಅವುಗಳ ಉತ್ತರಗಳನ್ನು ಒಂದೊಂದಾಗಿ ಓದಿಕೊಳ್ಳುತ್ತದೆ.

ಹಾಗಾದರೆ ಸರಾಸರಿ ತೆಗೆಯುವಾಗ ಆ ಸಾಲಿನ ಸ್ವಂತ ಉತ್ತರವನ್ನು ಮಾತ್ರ ಬಿಟ್ಟರಾಯಿತು ಎನಿಸುವುದು ಸಹಜ. ಆದರೆ ಈ ಉಪಾಯವೂ ಸೋರುತ್ತದೆ, ಅದೂ ತಲೆಕೆಳಗಾಗಿ. ಉದಾಹರಣೆಗೆ ಒಂದು ವಿಮಾನದ ಹತ್ತು ಹಾರಾಟಗಳಲ್ಲಿ ನಾಲ್ಕು ತಡವಾಗಿದ್ದು, ಗುರಿಯು ತಡವಾದರೆ 1, ಇಲ್ಲದಿದ್ದರೆ 0 ಎಂದಿರಲಿ. ತಡವಾದ ಹಾರಾಟವೊಂದನ್ನು ಬಿಟ್ಟರೆ ಉಳಿದ ಒಂಬತ್ತರಲ್ಲಿ ತಡವಾದವು ಮೂರು, ಫೀಚರ್ 0.33, ಸಮಯಕ್ಕೆ ಬಂದ ಹಾರಾಟವೊಂದನ್ನು ಬಿಟ್ಟರೆ ಒಂಬತ್ತರಲ್ಲಿ ನಾಲ್ಕು, ಫೀಚರ್ 0.44. ಈ ವಿಮಾನದ ಹತ್ತೂ ಸಾಲುಗಳಲ್ಲಿ ಈ ಎರಡೇ ಸಂಖ್ಯೆಗಳು ಬರುತ್ತವೆ, ಮತ್ತು ಅವುಗಳ ನಡುವೆ ಒಂದು ಗೆರೆ ಎಳೆದರೆ ತಡವಾದವು ಒಂದು ಕಡೆಗೂ ಆಗದವು ಇನ್ನೊಂದು ಕಡೆಗೂ ತಪ್ಪದೆ ಬೀಳುತ್ತವೆ. ಬಿಟ್ಟುಹೋದ ಉತ್ತರ ತಾನು ಬಿಟ್ಟುಹೋದ ಗುರುತಿನಿಂದಲೇ ಪತ್ತೆಯಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಕ್ರಮವೆಂದರೆ ಸಾಲುಗಳನ್ನು ಐದೋ ಹತ್ತೋ ಗುಂಪುಗಳಾಗಿ ಹಂಚಿ, ಒಂದೊಂದು ಗುಂಪಿನ ಫೀಚರನ್ನು ಉಳಿದ ಗುಂಪುಗಳ ಉತ್ತರಗಳಿಂದ ಲೆಕ್ಕಹಾಕುವುದು. ಸೈಕಿಟ್-ಲರ್ನ್ ಎಂಬ ಜನಪ್ರಿಯ ತಂತ್ರಾಂಶದ 1.3ನೆಯ ಆವೃತ್ತಿಯಲ್ಲಿ ಸೇರಿದ TargetEncoder ಇದನ್ನು ತಾನಾಗಿಯೇ ಮಾಡುತ್ತದೆ. ಆದರೆ ತರಬೇತಿಯ ಸಾಲುಗಳಿಗೆ fit_transform ಎಂದು ಒಂದೇ ಹೆಜ್ಜೆಯಲ್ಲಿ ಕರೆದಾಗ ಮಾತ್ರ ಈ ಗುಂಪು ಹಂಚಿಕೆ ನಡೆಯುತ್ತದೆ. fit ಮತ್ತು transform ಎಂದು ಎರಡು ಹೆಜ್ಜೆಯಾಗಿ ಕರೆದರೆ ಎಲ್ಲ ಸಾಲುಗಳ ಉತ್ತರಗಳೂ ಬಳಕೆಯಾಗಿ, ಹಳೆಯ ಸೋರಿಕೆ ಮರಳುತ್ತದೆ.

ಎರಡು ಅಂಕಣಗಳು ಸೇರುವ ಜಾಗ

ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಿದಾಗ ವಿಮಾನದ ದತ್ತಾಂಶದಲ್ಲಿ ಇನ್ನೂ ಒಂದು ಬಿರುಕು ಉಳಿಯುತ್ತದೆ. ಒಂದು ವಿಮಾನ ಮಾರ್ಚ್ 8ರಂದು ನ್ಯೂಯಾರ್ಕ್‌ನಿಂದ ಎರಡು ಸಲ ಹೊರಟಿದ್ದು, ಬೆಳಗಿನ ಹಾರಾಟ ಒಂದು ಗುಂಪಿಗೂ ಸಂಜೆಯದು ಇನ್ನೊಂದಕ್ಕೂ ಬಿದ್ದಿದ್ದರೆ, ಬೆಳಗಿನ ಹಾರಾಟದ ಫೀಚರ್ ಲೆಕ್ಕದಲ್ಲಿ ಸಂಜೆಯ ವಿಳಂಬ ಸೇರಿರುತ್ತದೆ. ಬೆಳಗ್ಗೆ ಊಹಿಸುವವರಿಗೆ ಸಂಜೆ ಏನಾಯಿತೆಂದು ತಿಳಿದಿರಲು ಸಾಧ್ಯವಿಲ್ಲ. ಜನವರಿಯ ಸಾಲುಗಳಿಗೆ ಡಿಸೆಂಬರಿನ ಉತ್ತರಗಳಿಂದ ತೆಗೆದ ಸರಾಸರಿಯೂ ಇದೇ ಜಾತಿಗೆ ಸೇರಿದ್ದು; ವಿಮಾನ ವರ್ಷದಲ್ಲಿ ಎಷ್ಟು ಸಲ ಹಾರಿತು ಎಂಬ ಎಣಿಕೆಯಂತೂ ಗುರಿಯನ್ನು ಮುಟ್ಟದಿದ್ದರೂ ಭವಿಷ್ಯವನ್ನು ಮುಟ್ಟುತ್ತದೆ. ಹೀಗೆ ವರ್ಗೀಯ ಅಂಕಣವನ್ನು ಸರಿಯಾಗಿ ಸಂಖ್ಯೆಯಾಗಿಸಲು ದಿನಾಂಕದ ಅಂಕಣದ ನೆರವು ಬೇಕೇ ಬೇಕು. ಒಂದೊಂದು ದಿನದ ಸಾಲಿಗೂ ಅದರ ಹಿಂದಿನ ದಿನಗಳ ಉತ್ತರಗಳನ್ನು ಮಾತ್ರ ಬಳಸುವ ಲೆಕ್ಕ ಹೀಗಿರುತ್ತದೆ:

```python
g = df.groupby(["tailnum", "date"])["arr_delay"].agg(["sum", "count"])
past = g.groupby(level="tailnum").cumsum() - g
enc = (past["sum"] + m * prior) / (past["count"] + m)
```

ಮೊದಲ ಸಾಲು ಒಂದೊಂದು ವಿಮಾನಕ್ಕೂ ದಿನವಾರು ವಿಳಂಬದ ಮೊತ್ತವನ್ನೂ ಹಾರಾಟಗಳ ಎಣಿಕೆಯನ್ನೂ ಕೊಡುತ್ತದೆ. ಎರಡನೆಯದು ಆ ದಿನದ ತನಕದ ಮೊತ್ತದಿಂದ ಅದೇ ದಿನದ ಪಾಲನ್ನು ಕಳೆದು, ನಿನ್ನೆಯವರೆಗಿನ ಚರಿತ್ರೆಯನ್ನಷ್ಟೇ ಉಳಿಸುತ್ತದೆ. ಮೂರನೆಯದು ಮೇಲೆ ವಿವರಿಸಿದ ಎಳೆತದ ಸೂತ್ರ. ಅದರಲ್ಲಿನ prior ಎಂಬ ಒಟ್ಟು ಸರಾಸರಿಯನ್ನೂ ಹಿಂದಿನ ಕಾಲದ ಸಾಲುಗಳಿಂದಲೇ ತೆಗೆಯಬೇಕು. ರಾತ್ರಿ ಹೊರಟು ಮರುದಿನ ಇಳಿಯುವ ಹಾರಾಟಗಳೂ ಇರುವುದರಿಂದ, ಇನ್ನೂ ಒಂದು ದಿನದ ಅಂತರ ಬಿಡುವುದು ಹೆಚ್ಚಿನ ಎಚ್ಚರಿಕೆ. ರಷ್ಯಾದ ಯಾಂಡೆಕ್ಸ್ ಸಂಸ್ಥೆ ರೂಪಿಸಿದ ಕ್ಯಾಟ್‌ಬೂಸ್ಟ್ ಎಂಬ ತಂತ್ರಾಂಶವೂ ಇದಕ್ಕೆ ಹತ್ತಿರದ ತತ್ತ್ವವನ್ನೇ ಅನುಸರಿಸುತ್ತದೆ: ಸಾಲುಗಳಿಗೆ ಒಂದು ಅನುಕ್ರಮ ಕೊಟ್ಟು, ಪ್ರತಿ ಸಾಲಿಗೂ ಅನುಕ್ರಮದಲ್ಲಿ ಅದಕ್ಕಿಂತ ಮುಂಚಿನ ಸಾಲುಗಳಿಂದಷ್ಟೇ ಸರಾಸರಿ ತೆಗೆಯುತ್ತದೆ. ಆದರೆ ಕಾಲದ ದತ್ತಾಂಶದಲ್ಲಿ ಆ ಅನುಕ್ರಮ ಯಾದೃಚ್ಛಿಕವಾಗಿರದೆ ಕಾಲಕ್ರಮವೇ ಆಗಿರುವಂತೆ ಬಳಸುವವರೇ ಸೂಚಿಸಬೇಕು.

ಈ ಲೆಕ್ಕದಲ್ಲಿ N844MHಗೆ ಏನಾಗುತ್ತದೆ ಎಂಬುದು ಗಮನಾರ್ಹ. ಅದರ ಏಕೈಕ ಹಾರಾಟದ ಹಿಂದೆ ಚರಿತ್ರೆಯೇ ಇಲ್ಲದ್ದರಿಂದ ಎಣಿಕೆ ಸೊನ್ನೆಯಾಗಿ, ಫೀಚರ್ ಒಟ್ಟು ಸರಾಸರಿಯಷ್ಟೇ ಆಗುತ್ತದೆ. ಅದು ಮತ್ತೆ ಹಾರಿಲ್ಲವಾದ್ದರಿಂದ ಆ 320 ನಿಮಿಷಗಳು ಇನ್ನಾವ ಸಾಲಿನ ವಿಮಾನದ ಫೀಚರ್‌ಗೂ ಹೋಗುವುದಿಲ್ಲ. ಮೊದಲ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳಿದಂತೆ ತೋರಿದ ಸಾಲು, ಸರಿಯಾದ ಲೆಕ್ಕದಲ್ಲಿ ವಿಮಾನದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸೋರಿಕೆ ಉಳಿದಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದರಲ್ಲಿ ನೋಂದಣಿ ಸಂಖ್ಯೆಗಳನ್ನು ಸಾಲುಗಳ ನಡುವೆ ಮನಬಂದಂತೆ ಕಲಸಿ, ಅದೇ ವಿಧಾನದಿಂದ ಮತ್ತೆ ಫೀಚರ್ ತಯಾರಿಸಬೇಕು. ವರ್ಗಗಳ ಗಾತ್ರ ಹಾಗೆಯೇ ಉಳಿದು ಅರ್ಥ ಮಾತ್ರ ಅಳಿದಿರುವುದರಿಂದ, ಈ ಕಲಸಿದ ಅಂಕಣವೂ ತರಬೇತಿಯಲ್ಲಿ ಉತ್ತರವನ್ನು ವಿವರಿಸುತ್ತಿದ್ದರೆ ಅದು ವಿಮಾನದ ಗುಣವಲ್ಲ, ವಿಧಾನದ ಸೋರಿಕೆ. ಎರಡನೆಯದರಲ್ಲಿ ಸೆಪ್ಟೆಂಬರ್ ತನಕ ಕಲಿಸಿ, ಅಕ್ಟೋಬರಿನಿಂದ ಡಿಸೆಂಬರ್ ತನಕದ ಹಾರಾಟಗಳಲ್ಲಿ ಆ ಫೀಚರ್ ಇದ್ದಾಗಲೂ ಇಲ್ಲದಾಗಲೂ ತಪ್ಪನ್ನು ಅಳೆಯಬೇಕು. ತರಬೇತಿಯಲ್ಲಿ ಬಹಳ ಉಪಯುಕ್ತವೆಂದು ತೋರಿದ ಅಂಕಣ ಇಲ್ಲಿ ತಪ್ಪನ್ನು ಇಳಿಸದಿದ್ದರೆ, ಅಥವಾ ಏರಿಸಿದರೆ, ಅದನ್ನು ಕೈಬಿಡುವುದೇ ಸರಿ.

ದಿನಾಂಕವಾಗಲಿ ಹೆಸರಾಗಲಿ, ಅದರಿಂದ ಹುಟ್ಟಿದ ಪ್ರತಿಯೊಂದು ಸಂಖ್ಯೆಗೂ ಓದುಗರು ಕೇಳಬೇಕಾದ ಪ್ರಶ್ನೆ ಒಂದೇ: ವಿಮಾನ ನೆಲ ಬಿಡುವ ಮುನ್ನ, ಅಂದು ಲಭ್ಯವಿದ್ದ ದಾಖಲೆಗಳಿಂದ ಮಾತ್ರ, ಈ ಸಂಖ್ಯೆಯನ್ನು ಬರೆಯಲು ಸಾಧ್ಯವಿತ್ತೇ? ಇಲ್ಲವೆಂದಾದರೆ, ಆ ಅಂಕಣ ಫಲಿತಾಂಶವನ್ನು ಎಷ್ಟೇ ಸುಧಾರಿಸಿದಂತೆ ತೋರಿದರೂ, ಅದನ್ನು ಮಾದರಿಯಿಂದ ತೆಗೆದುಹಾಕಬೇಕು.